ಪ್ರತಿ ಪೋಸ್ಟೂ ಒಂಟಿಯಾಗಿ ನಿಲ್ಲಬೇಕು: ಸಮ್ಮೇಳನದ ಗೋಷ್ಠಿಯನ್ನು ಎಕ್ಸ್‌ನಲ್ಲಿ ಬರೆಯುವ ಬಗೆ

2019ರ ಸೆಪ್ಟೆಂಬರ್ 1ರಂದು ಪ್ಯಾರಿಸ್‌ನಲ್ಲಿ ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿಯ ಸಮ್ಮೇಳನ ನಡೆಯುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದ ಜಾನ್ ಮೆಕ್‌ಮರ್ರೆ ಅವರು ಅಲ್ಲಿ ಡಾಪಾ-ಎಚ್‌ಎಫ್ ಎಂಬ ಪ್ರಯೋಗದ ಫಲಿತಾಂಶ ಮಂಡಿಸಿದರು. ಸಕ್ಕರೆ ಕಾಯಿಲೆಗೆ ಕೊಡುತ್ತಿದ್ದ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಗುತ್ತದೆಯೇ, ಅದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ನೆರವಾಗುತ್ತದೆಯೇ ಎಂಬುದು ಅದರ ಪ್ರಶ್ನೆ. ನೆರವಾಗುತ್ತದೆ ಎಂದು ಉತ್ತರ ಬಂತು. ಆದರೆ ಪೂರ್ತಿ ಪ್ರಬಂಧ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದದ್ದು ಸೆಪ್ಟೆಂಬರ್ 19ಕ್ಕೆ. ನಡುವಿನ ದಿನಗಳಲ್ಲಿ ಪ್ಯಾರಿಸ್‌ಗೆ ಹೋಗದ ವೈದ್ಯರ ಕೈಯಲ್ಲಿ ಏನಿತ್ತು? ಒಂದಿಷ್ಟು ಸುದ್ದಿ, ಸ್ಲೈಡುಗಳ ಫೋಟೋಗಳು, ಮತ್ತು ಸಭಾಂಗಣದಲ್ಲಿ ಕೂತವರು ಆಗಿನ ಟ್ವಿಟರ್‌ನಲ್ಲಿ, ಅಂದರೆ ಈಗಿನ ಎಕ್ಸ್‌ನಲ್ಲಿ, ಬರೆದ ಥ್ರೆಡ್‌ಗಳು.

ಹೋಗದವರಿಗಾಗಿ ಒಂದು ಗೋಷ್ಠಿಯನ್ನು ಥ್ರೆಡ್ ಮಾಡುವುದು ಹೇಗೆ ಎಂದು ತೋರಿಸಲು ನಾನು ಈ ಗೋಷ್ಠಿಯನ್ನೇ ಇಟ್ಟುಕೊಳ್ಳುತ್ತೇನೆ. ಇದರ ಅಂಕಿಗಳು ಚೊಕ್ಕವಾಗಿವೆ. ತಪ್ಪು ಮಾಡಲು ದಾರಿಗಳೂ ಇದರಲ್ಲಿ ಸಾಕಷ್ಟಿವೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಬರೆಯುವವರಿಗೆ ಥ್ರೆಡ್ ಅಂದರೆ ಒಂದರ ಕೆಳಗೆ ಒಂದು ಇರುವ ಎಂಟು ಹತ್ತು ಪೋಸ್ಟ್‌ಗಳ ಸಾಲು. ಓದುವವರಿಗೆ ಅದು ಹಾಗೆ ಸಿಗುವುದೇ ಕಡಿಮೆ. ಯಾರೋ ನಾಲ್ಕನೆಯ ಪೋಸ್ಟನ್ನು ಮಾತ್ರ ರೀಪೋಸ್ಟ್ ಮಾಡುತ್ತಾರೆ. ಇನ್ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಎಕ್ಸ್‌ನಲ್ಲಿ ಖಾತೆ ಇಲ್ಲದವರು ಲಿಂಕ್ ಒತ್ತಿದರೆ 2023ರಿಂದ ಈಚೆಗೆ ಸಾಮಾನ್ಯವಾಗಿ ಕಾಣುವುದು ಆ ಒಂದು ಪೋಸ್ಟ್ ಮಾತ್ರ. ಅದರ ಹಿಂದೆ ಮುಂದೆ ಏನಿದೆ ಎಂಬುದು ಲಾಗಿನ್ ಆಗದೆ ತೆರೆಯುವುದಿಲ್ಲ. ಗೋಷ್ಠಿಗೆ ಹೋಗಲಾಗದ ಪಿಜಿ ವಿದ್ಯಾರ್ಥಿಗೋ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೋ ನಿಮ್ಮ ಥ್ರೆಡ್ ತಲುಪುವುದು ಹೀಗೆ ತುಂಡಾಗಿಯೇ.

ಆದ್ದರಿಂದ ನಾನು ಪಾಲಿಸುವ ಮುಖ್ಯ ನಿಯಮ ಒಂದೇ. ಪ್ರತಿ ಪೋಸ್ಟೂ ಒಂಟಿಯಾಗಿ ಸಿಕ್ಕರೂ ತಪ್ಪು ಅರ್ಥ ಕೊಡಬಾರದು. ಮುಂದೆ ಹೇಳುವುದೆಲ್ಲ ಹೆಚ್ಚುಕಮ್ಮಿ ಈ ಒಂದು ನಿಯಮದಿಂದಲೇ ಹುಟ್ಟುತ್ತದೆ.

ಅರ್ಧ ಥ್ರೆಡ್ ಹಿಂದಿನ ದಿನವೇ ಸಿದ್ಧವಾಗಿರಲಿ

ಇಂಥ ದೊಡ್ಡ ಪ್ರಯೋಗದ ಮಂಡನೆಗೆ ಸಿಗುವುದು ಕೆಲವೇ ನಿಮಿಷ. ಸ್ಲೈಡ್‌ಗಳು ಸರಸರನೆ ಓಡುತ್ತವೆ. ಆ ಹೊತ್ತಿನಲ್ಲಿ ರೋಗಿಗಳು ಯಾರು, ಏನನ್ನು ಎಣಿಸಿದರು ಎಂದು ಟೈಪ್ ಮಾಡುತ್ತಾ ಕೂತರೆ ಮುಖ್ಯ ಅಂಕಿಯ ಸ್ಲೈಡ್ ಬಂದು ಹೋಗಿರುತ್ತದೆ.

ಒಳ್ಳೆಯ ಸಂಗತಿ ಏನೆಂದರೆ ಫಲಿತಾಂಶ ಗುಟ್ಟಾಗಿದ್ದರೂ ಪ್ರಯೋಗದ ರೂಪ ಗುಟ್ಟಲ್ಲ. ಡಾಪಾ-ಎಚ್‌ಎಫ್ ClinicalTrials.gov ತಾಣದಲ್ಲಿ NCT03036124 ಎಂಬ ಸಂಖ್ಯೆಯಡಿ ಮೊದಲೇ ನೋಂದಣಿಯಾಗಿತ್ತು. ಯಾವ ರೋಗಿಗಳನ್ನು ತೆಗೆದುಕೊಳ್ಳುತ್ತಾರೆ, ಯಾವುದನ್ನು ಮುಖ್ಯ ಫಲಿತಾಂಶವಾಗಿ ಎಣಿಸುತ್ತಾರೆ ಎಂಬುದನ್ನು ಅಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಹೃದಯದ ಎಡ ಕುಹರ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬುದಕ್ಕೆ ಇಜೆಕ್ಷನ್ ಫ್ರ್ಯಾಕ್ಷನ್ ಅನ್ನುತ್ತಾರೆ. ಅದು 40% ಅಥವಾ ಅದಕ್ಕಿಂತ ಕಡಿಮೆ ಇದ್ದವರು ಮಾತ್ರ ಈ ಪ್ರಯೋಗದಲ್ಲಿದ್ದರು. ಈ ಒಂದು ಗೆರೆ ಎಷ್ಟು ಮುಖ್ಯ ಎಂಬುದು ಆಮೇಲೆ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಮೂರು ಪೋಸ್ಟ್‌ಗಳನ್ನು ಫೋನಿನ ನೋಟ್ಸ್‌ನಲ್ಲಿ ಮೊದಲೇ ಬರೆದಿಟ್ಟುಕೊಳ್ಳಬಹುದು. ಒಂದರಲ್ಲಿ ಪ್ರಶ್ನೆ, ಎರಡರಲ್ಲಿ ಯಾರ ಮೇಲೆ ಪ್ರಯೋಗ, ಮೂರರಲ್ಲಿ ಏನನ್ನು ಎಣಿಸಿದರು. ಸಭಾಂಗಣದಲ್ಲಿ ತುಂಬಬೇಕಾದದ್ದು ಅಂಕಿಗಳನ್ನು ಮಾತ್ರ. ಮೊದಲ ಪೋಸ್ಟ್ ಹೀಗಿರಬಹುದು:

> ಪ್ಯಾರಿಸ್‌ನ ಯುರೋಪಿಯನ್ ಹೃದ್ರೋಗ ಸಮ್ಮೇಳನದಿಂದ. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದ ರೋಗಿಗೂ ನೆರವಾಗುತ್ತದೆಯೇ? ಡಾಪಾ-ಎಚ್‌ಎಫ್ ಪ್ರಯೋಗದ ಫಲಿತಾಂಶ ಈಗ ಮಂಡನೆಯಾಗುತ್ತಿದೆ. #ESCCongress 1/

ಇಲ್ಲಿ ಊರು, ಸಮ್ಮೇಳನ, ಔಷಧ, ಪ್ರಶ್ನೆ ಎಲ್ಲವೂ ಇವೆ. "ಬಹಳ ರೋಚಕ ಗೋಷ್ಠಿ, ಥ್ರೆಡ್ ನೋಡಿ" ಎಂದು ಶುರುಮಾಡಿದರೆ ಮೊದಲ ಪೋಸ್ಟ್ ಸುಮ್ನೆ ವ್ಯರ್ಥ. ಎಲ್ಲಕ್ಕಿಂತ ಜಾಸ್ತಿ ಜನ ನೋಡುವುದು ಅದನ್ನೇ.

ಒಂದು ಸಂಖ್ಯೆಯ ವಿಷಯ. ಸಭಾಂಗಣದಿಂದಲೇ ಬರೆಯುವಾಗ ಒಟ್ಟು ಎಷ್ಟು ಪೋಸ್ಟ್ ಆಗುತ್ತವೆ ಎಂದು ಗೊತ್ತಿರುವುದಿಲ್ಲ. ಅದಕ್ಕೇ 1/8 ಎನ್ನದೆ ಬರೀ 1/ ಎಂದು ಹಾಕಿ, ಕೊನೆಯದರಲ್ಲಿ "ಮುಗಿಯಿತು" ಎಂದು ಬರೆದರೆ ಸಾಕು. ಇನ್ನೊಂದು, ಪ್ರತಿ ಸಲವೂ ನಿಮ್ಮ ಕೊನೆಯ ಪೋಸ್ಟ್‌ಗೇ ರಿಪ್ಲೈ ಮಾಡಿ. ಆತುರದಲ್ಲಿ ಮೊದಲ ಪೋಸ್ಟ್‌ಗೆ ರಿಪ್ಲೈ ಮಾಡುತ್ತಾ ಹೋದರೆ ಸರಪಳಿ ಕಟ್ಟುವುದಿಲ್ಲ, ಕವಲು ಒಡೆಯುತ್ತದೆ. ಓದುವವರಿಗೆ ಆರನೆಯದು ಮೊದಲು, ಮೂರನೆಯದು ಆಮೇಲೆ ಕಾಣಬಹುದು.

ಫಲಿತಾಂಶದ ಪೋಸ್ಟ್: ಇಲ್ಲೇ ಎಡವುವುದು

ಡಾಪಾ-ಎಚ್‌ಎಫ್‌ನ ಮುಖ್ಯ ಫಲಿತಾಂಶದ ಸ್ಲೈಡ್‌ನಲ್ಲಿದ್ದ ದೊಡ್ಡ ಅಂಕಿ ಹಜಾರ್ಡ್ ರೇಷಿಯೋ 0.74. ಅಂದರೆ ಅಪಾಯ 26% ಕಡಿಮೆ. ಸಭಾಂಗಣದಲ್ಲಿದ್ದವರಿಗೆ ಬೆರಳು ತುದಿಗೆ ಬರುವ ವಾಕ್ಯ ಹೀಗಿರುತ್ತದೆ: "ಡಾಪಾಗ್ಲಿಫ್ಲೋಜಿನ್‌ನಿಂದ ಹೃದಯ ವೈಫಲ್ಯದಲ್ಲಿ ಸಾವು 26% ಇಳಿಕೆ!"

ಈ ಒಂದು ವಾಕ್ಯದಲ್ಲಿ ಎರಡು ದೊಡ್ಡ ತೊಂದರೆಗಳಿವೆ.

ಮೊದಲನೆಯದು, 26% ಸಾವಿನ ಅಂಕಿಯೇ ಅಲ್ಲ. ಮುಖ್ಯ ಫಲಿತಾಂಶ ಎಂದು ಅವರು ಎಣಿಸಿದ್ದು ಜೋಡಿಸಿದ ಲೆಕ್ಕ. ಹೃದಯ ವೈಫಲ್ಯ ಬಿಗಡಾಯಿಸಿ ಆಸ್ಪತ್ರೆಗೆ ಸೇರುವುದು ಅಥವಾ ತುರ್ತಾಗಿ ಬಂದು ಇಂಜೆಕ್ಷನ್ ಚಿಕಿತ್ಸೆ ಪಡೆಯುವುದು, ಇಲ್ಲವೇ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸಾಯುವುದು. ಇವುಗಳಲ್ಲಿ ಮೊದಲು ಯಾವುದು ನಡೆದರೂ ಒಂದು ಎಂದು ಎಣಿಕೆ. ಇದನ್ನು ಕಾಂಪೊಸಿಟ್ ಎಂಡ್‌ಪಾಯಿಂಟ್ ಅನ್ನುತ್ತಾರೆ. ಹೃದಯ ಸಂಬಂಧಿ ಸಾವನ್ನೇ ಬೇರೆ ತೆಗೆದು ನೋಡಿದರೆ ಮಾತ್ರೆ ಪಡೆದವರಲ್ಲಿ 9.6%, ಡಮ್ಮಿ ಮಾತ್ರೆ ಪಡೆದವರಲ್ಲಿ 11.5%. ಅಪಾಯ ಇಳಿದದ್ದು 18%. ಅದೂ ಒಳ್ಳೆಯ ಫಲಿತಾಂಶವೇ. ಆದರೆ ಅದು 26 ಅಲ್ಲ.

ಎರಡನೆಯದು, 26% ಎಂಬುದು ಹೋಲಿಕೆಯ ಅಂಕಿ. ಯಾವುದರಿಂದ ಯಾವುದಕ್ಕೆ ಇಳಿಯಿತು ಎಂದು ಅದು ಹೇಳುವುದಿಲ್ಲ. ನೂರರಲ್ಲಿ ನಾಲ್ಕು ಜನರಿಗೆ ಆಗುತ್ತಿದ್ದದ್ದು ಮೂರಕ್ಕೆ ಇಳಿದರೂ, ನೂರರಲ್ಲಿ ಎಂಬತ್ತು ಜನರಿಗೆ ಆಗುತ್ತಿದ್ದದ್ದು ಅರವತ್ತಕ್ಕೆ ಇಳಿದರೂ ಅದು ಕಾಲುಭಾಗದ ಇಳಿಕೆಯೇ. ರೋಗಿಗೆ ಇವೆರಡೂ ಒಂದೇ ಅಲ್ಲ, ಅಲ್ವಾ? ಈ ಪ್ರಯೋಗದಲ್ಲಿ ನಿಜಕ್ಕೂ ಆದದ್ದು 21.2%ನಿಂದ 16.3%ಗೆ ಇಳಿಕೆ. ನೂರು ಜನರಲ್ಲಿ ಸುಮಾರು ಐದು ಕಡಿಮೆ. ಇದನ್ನೇ ತಿರುಗಿಸಿ, ಸುಮಾರು 21 ಜನರಿಗೆ ಒಂದೂವರೆ ವರ್ಷ ಮಾತ್ರೆ ಕೊಟ್ಟರೆ ಒಬ್ಬರಿಗೆ ಇಂಥ ಘಟನೆ ತಪ್ಪುತ್ತದೆ ಎಂದೂ ಹೇಳುತ್ತಾರೆ.

ಈಗ ಇದನ್ನು ಒಂಟಿಯಾಗಿ ನಿಲ್ಲುವ ಪೋಸ್ಟ್ ಮಾಡೋಣ:

> ಡಾಪಾ-ಎಚ್‌ಎಫ್: ಹೃದಯ ವೈಫಲ್ಯ ಬಿಗಡಾಯಿಸುವುದು ಅಥವಾ ಹೃದಯ ಸಂಬಂಧಿ ಸಾವು, ಸುಮಾರು ಒಂದೂವರೆ ವರ್ಷದಲ್ಲಿ: ಡಾಪಾಗ್ಲಿಫ್ಲೋಜಿನ್ ಪಡೆದವರಲ್ಲಿ 16.3%, ಡಮ್ಮಿ ಮಾತ್ರೆ ಪಡೆದವರಲ್ಲಿ 21.2%. ನೂರು ಜನರಲ್ಲಿ ಸುಮಾರು 5 ಕಡಿಮೆ. ಎರಡೂ ಗುಂಪಿಗೆ ಮಾಮೂಲಿ ಔಷಧ ಇತ್ತು. #ESCCongress 4/

ಪ್ರಯೋಗದ ಹೆಸರು ಇಲ್ಲಿ ಮತ್ತೆ ಬಂದಿದೆ. ಮೂರು ಪೋಸ್ಟ್ ಹಿಂದೆ ಹೇಳಿಯಾಗಿತ್ತಲ್ಲ ಎನಿಸಬಹುದು. ಆದರೆ ಈ ಪೋಸ್ಟ್ ವಾಟ್ಸಾಪ್‌ನಲ್ಲಿ ಓಡಾಡುವಾಗ ಆ ಮೂರೂ ಜೊತೆಗಿರುವುದಿಲ್ಲ. ಏನನ್ನು ಎಣಿಸಿದರು, ಎಷ್ಟು ಕಾಲದಲ್ಲಿ, ಯಾವ ಗುಂಪಿನಲ್ಲಿ ಎಷ್ಟು ಎಂಬುದೂ ಇದೆ. ಕೊನೆಯ ವಾಕ್ಯವನ್ನು ನಾನು ಬಿಡುವುದೇ ಇಲ್ಲ. ಹೊಸ ಮಾತ್ರೆಯನ್ನು ಹಳೆಯ ಔಷಧಗಳ ಬದಲಿಗೆ ಕೊಟ್ಟದ್ದಲ್ಲ, ಅವುಗಳ ಜೊತೆಗೆ ಕೊಟ್ಟದ್ದು. ಅದು ಬಿಟ್ಟುಹೋದರೆ ಯಾರಾದರೂ ರೋಗಿ ತಮ್ಮ ಹಳೆಯ ಮಾತ್ರೆ ನಿಲ್ಲಿಸಬಹುದು ಎಂದುಕೊಳ್ಳುವ ಅಪಾಯವಿದೆ.

ಇಲ್ಲಿ 26% ಯಾಕೆ ಹಾಕಲಿಲ್ಲ? ಚುರುಕಾದ ಓದುಗರು ಲೆಕ್ಕ ಹಾಕುತ್ತಾರೆ. 21.2ರಿಂದ 16.3ಕ್ಕೆ ಇಳಿದದ್ದನ್ನು ಭಾಗಿಸಿ ನೋಡಿದರೆ ಸಿಗುವುದು 23%. ಹಾಗಾದರೆ 26 ಎಲ್ಲಿಂದ ಬಂತು? ಹಜಾರ್ಡ್ ರೇಷಿಯೋ ಎಷ್ಟು ಜನರಿಗೆ ಘಟನೆ ಆಯಿತು ಎಂಬುದನ್ನಷ್ಟೇ ಅಲ್ಲ, ಯಾವಾಗ ಆಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೇ ಎರಡೂ ತುಸು ಬೇರೆ. ಎರಡೂ ಸರಿಯೇ, ಆದರೆ ಒಂದೇ ಪೋಸ್ಟ್‌ನಲ್ಲಿ ಪಕ್ಕಪಕ್ಕ ಇಟ್ಟರೆ ಓದುವವರು "ಅಂಕಿ ತಪ್ಪಾಗಿದೆ" ಎಂದುಕೊಳ್ಳುತ್ತಾರೆ. ಹಜಾರ್ಡ್ ರೇಷಿಯೋವನ್ನು ಅದರ ವಿಶ್ವಾಸ ಮಿತಿಗಳ ಸಮೇತ (0.65ರಿಂದ 0.85) ಮುಂದಿನ ಪೋಸ್ಟ್‌ಗೆ ಬಿಡಿ. ಅದನ್ನು ಹುಡುಕುವವರು ಅಲ್ಲಿ ನೋಡುತ್ತಾರೆ. ಸಾವಿನ ಅಂಕಿಗೂ ಬೇರೆಯದೇ ಪೋಸ್ಟ್ ಇರಲಿ.

ಬೇರೊಬ್ಬರ ಥ್ರೆಡ್ ಓದುವಾಗಲೂ ಇದೇ ಪರೀಕ್ಷೆ ನಡೆಯುತ್ತದೆ. ಶೇಕಡಾ ಅಂಕಿ ಒಂದೇ ಒಂದಿದ್ದು, ಅದರ ಪಕ್ಕ ಇನ್ನೊಂದು ಗುಂಪಿನ ಅಂಕಿ ಇಲ್ಲದಿದ್ದರೆ ಆ ಪೋಸ್ಟನ್ನು ಮುಂದೆ ಕಳಿಸಬೇಡಿ.

ಮಿತಿಯನ್ನು ಕೊನೆಯ ಪೋಸ್ಟ್‌ಗೆ ಮಾತ್ರ ಇಟ್ಟರೆ ಸಾಲದು

ಬಹಳ ಮಂದಿ "ಮಿತಿಗಳು" ಎಂದು ಒಂದು ಪೋಸ್ಟ್ ಮಾಡಿ ಕೊನೆಗೆ ಹಾಕುತ್ತಾರೆ. ಪ್ರಬಂಧದಲ್ಲಿ ಅದು ಸರಿ. ಥ್ರೆಡ್‌ನಲ್ಲಿ ಕೊನೆಯ ಪೋಸ್ಟ್‌ನವರೆಗೆ ಬರುವವರು ಕಡಿಮೆ, ಅದನ್ನು ರೀಪೋಸ್ಟ್ ಮಾಡುವವರು ಇನ್ನೂ ಕಡಿಮೆ.

ಇಜೆಕ್ಷನ್ ಫ್ರ್ಯಾಕ್ಷನ್ 40%ರ ಗೆರೆಯನ್ನೇ ನೋಡಿ. ಹೃದಯ ವೈಫಲ್ಯದ ರೋಗಿಗಳಲ್ಲಿ ದೊಡ್ಡ ಪಾಲಿನವರಿಗೆ ಇಜೆಕ್ಷನ್ ಫ್ರ್ಯಾಕ್ಷನ್ ಇದಕ್ಕಿಂತ ಜಾಸ್ತಿ ಇರುತ್ತದೆ. ಡಾಪಾ-ಎಚ್‌ಎಫ್ ಅವರ ಬಗ್ಗೆ ಏನೂ ಹೇಳಲಿಲ್ಲ. ಅವರಿಗೆ ಉತ್ತರ ಬಂದದ್ದು ಆಮೇಲೆ. ಇದೇ ಗುಂಪಿನ ಇನ್ನೊಂದು ಔಷಧ ಎಂಪಾಗ್ಲಿಫ್ಲೋಜಿನ್‌ನ ಎಂಪರರ್-ಪ್ರಿಸರ್ವ್ಡ್ ಪ್ರಯೋಗ 2021ರಲ್ಲಿ, ಡಾಪಾಗ್ಲಿಫ್ಲೋಜಿನ್‌ನ ಡೆಲಿವರ್ ಪ್ರಯೋಗ 2022ರಲ್ಲಿ ಮಂಡನೆಯಾದವು. 2019ರಲ್ಲಿ "ಹೃದಯ ವೈಫಲ್ಯದ ರೋಗಿಗಳಿಗೆ" ಎಂದಷ್ಟೇ ಬರೆದಿದ್ದರೆ, ಎರಡು ಮೂರು ವರ್ಷ ಮೊದಲೇ ಆಧಾರವಿಲ್ಲದ ಮಾತು ಹೇಳಿದಂತೆ ಆಗುತ್ತಿತ್ತು. ಆಮೇಲೆ ಅದು ನಿಜವೇ ಆಯಿತಲ್ಲ ಎಂಬುದು ಸಮಾಧಾನವಲ್ಲ. ಅಂದು ಆ ಗೋಷ್ಠಿ ಹೇಳಿದ್ದು ಅದನ್ನಲ್ಲ.

ಹೀಗಾಗಿ ರೋಗಿಗಳ ಬಗ್ಗೆ ಹೇಳುವ ಎರಡನೆಯ ಪೋಸ್ಟ್‌ನಲ್ಲೇ ಮಿತಿ ಬರಬೇಕು. 4744 ಜನ, ಭಾರತವೂ ಸೇರಿ 20 ದೇಶಗಳು, ಎಲ್ಲರಿಗೂ ಇಜೆಕ್ಷನ್ ಫ್ರ್ಯಾಕ್ಷನ್ 40% ಅಥವಾ ಕಡಿಮೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಲಾಭ ಕಂಡಿತು ಎಂಬ ಪೋಸ್ಟ್‌ನಲ್ಲಿ "ಇಜೆಕ್ಷನ್ ಫ್ರ್ಯಾಕ್ಷನ್ ಕಡಿಮೆ ಇದ್ದವರಲ್ಲಿ" ಎಂಬುದು ಇನ್ನೊಮ್ಮೆ ಬರಲಿ. ಪ್ರಯೋಗಕ್ಕೆ ಹಣ ಕೊಟ್ಟದ್ದು ಔಷಧ ತಯಾರಿಸುವ ಆಸ್ಟ್ರಾಜೆನೆಕಾ ಕಂಪನಿ ಎಂಬುದನ್ನೂ ಎಲ್ಲಾದರೂ ನೇರವಾಗಿ ಹೇಳಬೇಕು.

ಯಾರ ಮಾತು ಇದು?

ಗೋಷ್ಠಿಯಲ್ಲಿ ಒಬ್ಬರೇ ಮಾತಾಡುವುದಿಲ್ಲ. ಮಂಡಿಸಿದವರ ನಂತರ ಡಿಸ್ಕಸೆಂಟ್ ಒಬ್ಬರು ಆ ಫಲಿತಾಂಶವನ್ನು ತೂಗಿ ನೋಡುತ್ತಾರೆ. ವೇದಿಕೆಯ ಮೇಲಿದ್ದವರು ಪ್ರಶ್ನೆ ಕೇಳುತ್ತಾರೆ. ಅದೆಲ್ಲದರ ನಡುವೆ ಥ್ರೆಡ್ ಬರೆಯುವವರಿಗೂ ಒಂದು ಅಭಿಪ್ರಾಯ ಹುಟ್ಟಿರುತ್ತದೆ. ಇವೆಲ್ಲ ಒಂದೇ ದನಿಯಲ್ಲಿ ಬಂದರೆ ಹೊರಗಿನವರಿಗೆ ಯಾವುದು ಪ್ರಯೋಗದ ಫಲಿತಾಂಶ, ಯಾವುದು ಒಬ್ಬರ ಅನಿಸಿಕೆ ಎಂದು ತಿಳಿಯುವುದೇ ಇಲ್ಲ.

ನಾನು ಪೋಸ್ಟ್‌ನ ಶುರುವಿನಲ್ಲೇ ಗುರುತು ಹಾಕುತ್ತೇನೆ. "ಫಲಿತಾಂಶ:", "ಚರ್ಚೆಯಲ್ಲಿ:", "ನನ್ನ ಅನಿಸಿಕೆ:" ಹೀಗೆ. ನೋಡಲು ಚೆಂದವಲ್ಲ, ಆದರೆ ಕೆಲಸ ಮಾಡುತ್ತದೆ. ಉದ್ಧರಣ ಚಿಹ್ನೆಯನ್ನು ಮಾತ್ರ ಹುಷಾರಾಗಿ ಬಳಸಬೇಕು. ಭಾಷಣ ಇಂಗ್ಲಿಷ್‌ನಲ್ಲಿ, ಥ್ರೆಡ್ ಕನ್ನಡದಲ್ಲಿ ಇದ್ದಾಗ ಉದ್ಧರಣ ಚಿಹ್ನೆಯೊಳಗೆ ಇರುವುದು ಅವರ ಮಾತಲ್ಲ, ನಿಮ್ಮ ಮಾತು. ಅಲ್ಲಿ "ಅವರ ಮಾತಿನ ಸಾರ" ಎಂದು ಬರೆಯುವುದೇ ಸರಿ.

ಸ್ಲೈಡಿನ ಫೋಟೋ

ಸ್ಲೈಡ್ ಫೋಟೋ ಹಾಕಬಹುದೇ ಎಂಬುದು ಸಮ್ಮೇಳನದಿಂದ ಸಮ್ಮೇಳನಕ್ಕೆ ಬದಲಾಗುತ್ತದೆ. 2017ರ ಜೂನ್‌ನಲ್ಲಿ ಸ್ಯಾನ್ ಡಿಯೇಗೋದಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ಸಮ್ಮೇಳನ ನಡೆದಾಗ ಸ್ಲೈಡ್ ಫೋಟೋ ಹಾಕಿದವರಿಗೆ ಸಂಸ್ಥೆಯೇ ಟ್ವೀಟ್ ಮಾಡಿ, ಅವನ್ನು ಅಳಿಸಿ ಎಂದಿತು. ಫೋಟೋ ತೆಗೆಯುವುದಕ್ಕೆ ಅಲ್ಲಿ ನಿಷೇಧವಿತ್ತು. ಇದಕ್ಕೆ ವೈದ್ಯರಿಂದ ಜೋರು ವಿರೋಧ ಬಂತು. ಮರುವರ್ಷ ಸಂಸ್ಥೆ ನಿಯಮ ಸಡಿಲಿಸಿ, ಮಂಡಿಸುವವರು ಬೇಡ ಎನ್ನದಿದ್ದರೆ ಫೋಟೋ ತೆಗೆಯಬಹುದು ಎಂದಿತು. ಪ್ರಕಟವಾಗದ ಕೆಲಸವನ್ನು ತೋರಿಸುವ ಸಣ್ಣ ಗೋಷ್ಠಿಗಳಲ್ಲಿ ಸಂಕೋಚ ಇನ್ನೂ ಜಾಸ್ತಿ, ಮತ್ತು ಅದು ನ್ಯಾಯವೂ ಹೌದು. ಒಬ್ಬ ಸಂಶೋಧನಾ ವಿದ್ಯಾರ್ಥಿಯ ಮೂರು ವರ್ಷದ ದುಡಿಮೆ ನಿಮ್ಮ ಫೋಟೋದಿಂದ ಹೊರಗೆ ಹೋಗಬಾರದು. ಗೋಷ್ಠಿಗೆ ಮುಂಚೆ ಅವರನ್ನೇ ಕೇಳುವುದು ಒಳ್ಳೆಯದು.

ಫೋಟೋ ಹಾಕಿದರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಹಿಂದಿನ ಸಾಲಿನಿಂದ ತೆಗೆದ ಗ್ರಾಫ್‌ನಲ್ಲಿ ಅಂಕಿ ಓದಲು ಆಗುವುದಿಲ್ಲ. ಎಕ್ಸ್‌ನಲ್ಲಿ ಚಿತ್ರದ ಜೊತೆ 1000 ಅಕ್ಷರದವರೆಗೆ ಆಲ್ಟ್ ಟೆಕ್ಸ್ಟ್ ಬರೆಯಲು ಜಾಗವಿದೆ. ದೃಷ್ಟಿ ಇಲ್ಲದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. ಅಲ್ಲಿ "ಸ್ಲೈಡಿನ ಫೋಟೋ" ಎಂದು ಬರೆದರೆ ಏನೂ ಬರೆಯದ ಹಾಗೆಯೇ. ಎರಡು ಗೆರೆಗಳು, ಮೇಲಿನದು ಡಮ್ಮಿ ಮಾತ್ರೆಯ ಗುಂಪು, ಕೆಳಗಿನದು ಔಷಧದ ಗುಂಪು, ಕಾಲ ಹೋದಂತೆ ನಡುವಿನ ಅಂತರ ಬೆಳೆಯುತ್ತದೆ ಎಂದು ಬರೆಯಿರಿ.

ಕನ್ನಡದಲ್ಲಿ 280 ಎಂದರೆ ಎಷ್ಟು?

ಹಣ ಕಟ್ಟದ ಖಾತೆಗೆ ಒಂದು ಪೋಸ್ಟ್‌ನ ಮಿತಿ 280. ಕನ್ನಡದಲ್ಲಿ ಎಕ್ಸ್ ಎಣಿಸುವುದು ನಾವು ಕಣ್ಣಿಂದ ಎಣಿಸುವ ಅಕ್ಷರವನ್ನಲ್ಲ. ವ್ಯಂಜನ, ಸ್ವರ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಯೂನಿಕೋಡ್ ಸಂಕೇತಗಳು. ಪ್ರತಿಯೊಂದಕ್ಕೂ ಒಂದು ಲೆಕ್ಕ. "ಆಸ್ಪತ್ರೆ" ನಮಗೆ ಮೂರೇ ಅಕ್ಷರ. ಎಕ್ಸ್‌ಗೆ ಅದು ಎಂಟು:

```
ಆ  ಸ  ್  ಪ  ತ  ್  ರ  ೆ   = 8
```

"ಪ್ಯಾರಿಸ್‌ನ" ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದಕ್ಕೂ ಒಂದು ಲೆಕ್ಕ. ಎಮೋಜಿಗೆ ಎರಡು. ಲಿಂಕ್ ಎಷ್ಟೇ ಉದ್ದವಿರಲಿ, 23. ಮೇಲೆ ಕೊಟ್ಟ ನಾಲ್ಕನೆಯ ಪೋಸ್ಟ್ ಸುಮಾರು 230 ಆಗುತ್ತದೆ. ಅಂದರೆ ಒಂದು ಕನ್ನಡ ಪೋಸ್ಟ್‌ಗೆ ಮೂವತ್ತರಿಂದ ನಲವತ್ತು ಪದ ಎಂದಿಟ್ಟುಕೊಳ್ಳಿ. ಒತ್ತಕ್ಷರ ತುಂಬಿದ ಪದಗಳು ಜಾಗ ನುಂಗುತ್ತವೆ. ಸರಳವಾಗಿ ಬರೆದರೆ ಓದುವವರಿಗೂ ಸುಲಭ, ಜಾಗವೂ ಉಳಿಯುತ್ತದೆ.

ಹಣ ಕಟ್ಟಿದವರು ಉದ್ದನೆಯ ಪೋಸ್ಟ್ ಹಾಕಬಹುದು. ಆದರೂ ಗೋಷ್ಠಿಗೆ ಥ್ರೆಡ್ಡೇ ಮೇಲು ಎಂಬುದು ನನ್ನ ಅಭಿಪ್ರಾಯ. ಉದ್ದದ ಪೋಸ್ಟ್ ಟೈಮ್‌ಲೈನ್‌ನಲ್ಲಿ ಅರ್ಧಕ್ಕೆ ಕತ್ತರಿಸಿ ಕಾಣುತ್ತದೆ. ಯಾವ ವಾಕ್ಯದ ನಂತರ ಕತ್ತರಿಸಬೇಕು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ತಪ್ಪಾದಾಗ

ಓಡುವ ಸ್ಲೈಡ್ ನೋಡಿ ಬರೆದದ್ದರಲ್ಲಿ 16.3 ಹೋಗಿ 13.6 ಆಗಬಹುದು. ಎಕ್ಸ್‌ನಲ್ಲಿ ಎಡಿಟ್ ಸೌಲಭ್ಯ ಹಣ ಕಟ್ಟಿದವರಿಗೆ ಮಾತ್ರ, ಅದೂ ಪೋಸ್ಟ್ ಹಾಕಿದ ಒಂದು ಗಂಟೆಯ ಒಳಗೆ. ಉಳಿದವರ ಮುಂದೆ ಎರಡು ದಾರಿ ಇವೆ. ಕೆಳಗೆ ತಿದ್ದುಪಡಿ ಬರೆಯುವುದು, ಇಲ್ಲವೇ ಅಳಿಸುವುದು.

ಕಾಗುಣಿತದ ತಪ್ಪಿದ್ದರೆ ಹಾಗೇ ಬಿಡಿ. ಅಂಕಿ, ಡೋಸ್, ಔಷಧದ ಹೆಸರು ತಪ್ಪಿದ್ದರೆ ಅಳಿಸಲೇಬೇಕು. ಕೆಳಗೆ ಬರೆದ ತಿದ್ದುಪಡಿ ಆ ಪೋಸ್ಟಿನ ಜೊತೆ ಪ್ರಯಾಣ ಮಾಡುವುದಿಲ್ಲ. ತಪ್ಪು ಅಂಕಿ ಒಂಟಿಯಾಗಿ ಊರೂರು ಸುತ್ತುತ್ತದೆ. ಅಳಿಸಿದ ಮೇಲೆ ಥ್ರೆಡ್‌ನ ನಡುವೆ ಒಂದು ತೂತು ಬೀಳುತ್ತದೆ. ಹಾಗಾಗಿ ಅದರ ಹಿಂದಿನ ಪೋಸ್ಟ್‌ಗೆ ರಿಪ್ಲೈ ಮಾಡಿ, "ತಿದ್ದುಪಡಿ: ಇಲ್ಲಿದ್ದ ಪೋಸ್ಟ್‌ನಲ್ಲಿ 13.6% ಎಂದಿತ್ತು, ಸರಿಯಾದದ್ದು 16.3%" ಎಂದು ಪೂರ್ತಿಯಾಗಿ ಬರೆಯಿರಿ. ಥ್ರೆಡ್‌ನ ತುದಿಯಲ್ಲೂ ಅದನ್ನೇ ಹಾಕಿ. ಯಾರಾದರೂ ಆ ಪೋಸ್ಟನ್ನು ಕೋಟ್ ಮಾಡಿದ್ದರೆ ಅವರಿಗೂ ತಿಳಿಸಿ.

ಇನ್ನು ಪ್ರಬಂಧ ಪ್ರಕಟವಾದ ದಿನ ಥ್ರೆಡ್‌ಗೆ ಮರಳಬೇಕು. ಡಾಪಾ-ಎಚ್‌ಎಫ್‌ನ ವಿಷಯದಲ್ಲಿ ಅದು ಸೆಪ್ಟೆಂಬರ್ 19. ಪ್ರಬಂಧದ ಕೋಷ್ಟಕಗಳನ್ನು ನಿಮ್ಮ ಪೋಸ್ಟ್‌ಗಳ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೋಲಿಸಿ. ಆಮೇಲೆ ಪ್ರಬಂಧದ ಲಿಂಕನ್ನು ಕೊನೆಯ ಪೋಸ್ಟ್‌ಗೆ ಮಾತ್ರವಲ್ಲ, ಫಲಿತಾಂಶ ಹೇಳಿದ ನಾಲ್ಕನೆಯ ಪೋಸ್ಟ್‌ಗೂ ರಿಪ್ಲೈ ಆಗಿ ಸೇರಿಸಿ. ಜನ ಹುಡುಕಿಕೊಂಡು ಬರುವುದು ಆ ಪೋಸ್ಟ್‌ಗೇ.